ಟ್ರಾಲಿ ಸಮಸ್ಯೆ ಮತ್ತು ದ್ವಿಪರಿಣಾಮ ತತ್ತ್ವ

ಟ್ರಾಲಿ ಸಮಸ್ಯೆ ಎಂಬುದು 20ನೇ ಶತಮಾನದ ನೀತಿಶಾಸ್ತ್ರದಲ್ಲಿ ಹುಟ್ಟಿದ ಒಂದು ಒಗಟು. ಐವರನ್ನು ಉಳಿಸಲು ಒಬ್ಬನ ಸಾವಿಗೆ ಕಾರಣವಾಗುವುದು ಒಂದು ಸಂದರ್ಭದಲ್ಲಿ ನಮಗೆ ಒಪ್ಪಿಗೆಯಾಗುತ್ತದೆ. ಸಾವುಬದುಕಿನ ಲೆಕ್ಕ ಒಂದು ಕೂದಲೂ ಬದಲಾಗದ ಇನ್ನೊಂದು ಸಂದರ್ಭದಲ್ಲಿ ಅದೇ ಕೆಲಸ ಕೊಲೆಯೆನಿಸುತ್ತದೆ. ಬ್ರಿಟನ್ನಿನ ಫಿಲಿಪ್ಪಾ ಫುಟ್ 1967ರಲ್ಲಿ ಈ ಚರ್ಚೆಗೆ ಅಡಿಪಾಯ ಹಾಕಿದರು. ಅಮೆರಿಕದ ಜೂಡಿತ್ ಜಾರ್ವಿಸ್ ಥಾಮ್ಸನ್ 1976ರಲ್ಲಿ ಅದಕ್ಕೆ ಹೆಸರಿಟ್ಟರು, ಇಂದು ಎಲ್ಲರೂ ಬಲ್ಲ ರೂಪವನ್ನೂ ಅವರೇ ಕೊಟ್ಟರು. ಒಗಟು ಬಿಡಿಸಲು ಮೊದಲು ಕೈಗೆತ್ತಿಕೊಳ್ಳುವ ಸಾಧನ ಮಾತ್ರ ಇವರಿಬ್ಬರಿಗಿಂತ ಬಹಳ ಹಳೆಯದು. 13ನೇ ಶತಮಾನದ ಥಾಮಸ್ ಅಕ್ವಿನಾಸ್‌ವರೆಗೆ ಬೇರಿರುವ ದ್ವಿಪರಿಣಾಮ ತತ್ತ್ವವೇ ಅದು.

ಎರಡು ಸನ್ನಿವೇಶಗಳು

ಮೊದಲನೆಯದು ಲಿವರ್‌ನದು. ಬ್ರೇಕ್ ತಪ್ಪಿದ ಟ್ರಾಲಿಯೊಂದು ಇಳಿಜಾರಿನಲ್ಲಿ ಬರುತ್ತಿದೆ. ಮುಂದೆ ಹಳಿಯ ಮೇಲೆ ಐವರು ಕೆಲಸಗಾರರಿದ್ದಾರೆ, ಪಕ್ಕಕ್ಕೆ ಹಾರಿಕೊಳ್ಳಲು ಜಾಗವಿಲ್ಲ. ಹಳಿ ಕವಲೊಡೆಯುವ ಕಡೆ ನೀವು ನಿಂತಿದ್ದೀರಿ, ಪಾಯಿಂಟ್ ಬದಲಿಸುವ ಲಿವರ್ ಕೈಗೆಟಕುವಷ್ಟು ಹತ್ತಿರದಲ್ಲಿದೆ. ಎಳೆದರೆ ಟ್ರಾಲಿ ಪಕ್ಕದ ಹಳಿಗೆ ಹೊರಳುತ್ತದೆ. ಆದರೆ ಆ ಹಳಿಯ ಮೇಲೂ ಒಬ್ಬ ಕೆಲಸಗಾರನಿದ್ದಾನೆ, ಅವನು ಸಾಯುತ್ತಾನೆ. ಎಳೆಯಬಹುದೇ? ಕೇಳಿದವರಲ್ಲಿ ಬಹುಪಾಲು ಜನ ಎಳೆಯಬಹುದು ಎನ್ನುತ್ತಾರೆ.

ಎರಡನೆಯದು ಮೇಲ್ಸೇತುವೆಯದು. ಅದೇ ಟ್ರಾಲಿ, ಅದೇ ಐವರು. ಈಗ ನೀವಿರುವುದು ಹಳಿಯನ್ನು ದಾಟುವ ಪಾದಚಾರಿ ಸೇತುವೆಯ ಮೇಲೆ. ಪಕ್ಕದಲ್ಲಿ ಒಬ್ಬ ದಡೂತಿ ಮನುಷ್ಯ ಕಂಬಿಗೆ ಒರಗಿ ಕೆಳಗೆ ನೋಡುತ್ತಿದ್ದಾನೆ. ಅವನನ್ನು ತಳ್ಳಿದರೆ ಅವನ ಮೈಭಾರಕ್ಕೆ ಟ್ರಾಲಿ ನಿಲ್ಲುತ್ತದೆ. ಅವನು ಸಾಯುತ್ತಾನೆ, ಐವರು ಉಳಿಯುತ್ತಾರೆ. ನೀವೇ ಹಾರಿಕೊಳ್ಳಬಹುದಿತ್ತಲ್ಲ ಎಂಬ ಪ್ರಶ್ನೆಗೆ, ನಿಮ್ಮ ತೂಕ ಸಾಲದು ಎಂಬ ಉತ್ತರವನ್ನು ಕಥೆಯೊಳಗೇ ಸೇರಿಸಿಟ್ಟಿದ್ದಾರೆ. ತಳ್ಳಬಹುದೇ? ಬಹುಪಾಲು ಜನರ ಉತ್ತರ, ಕೂಡದು.

ಜನಪ್ರಿಯ ಬರಹಗಳು ಮೊದಲ ಕಥೆಯನ್ನಷ್ಟೇ ಹೇಳಿ ‘ನೀವಾದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಿ ನಿಲ್ಲಿಸುವುದುಂಟು. ಅದು ಸಮಸ್ಯೆಯ ಅರ್ಧವೂ ಅಲ್ಲ. ಒಬ್ಬಂಟಿ ಲಿವರ್ ಕಥೆಯಲ್ಲಿ ಒಗಟೇ ಇಲ್ಲ, ಐದು ಒಂದಕ್ಕಿಂತ ದೊಡ್ಡದು ಎಂದರೆ ಮುಗಿಯಿತು. ಅದೇ ಲೆಕ್ಕ ಸೇತುವೆಯ ಮೇಲೆ ಯಾಕೆ ಸಾಲದಾಗುತ್ತದೆ ಎಂದು ಕೇಳಿದಾಗ ಕಷ್ಟ ಶುರುವಾಗುತ್ತದೆ. ಹೆಚ್ಚು ಜನರಿಗೆ ಹೆಚ್ಚು ಒಳಿತಾಗುವುದೇ ಸರಿ ಎನ್ನುವ ಉಪಯುಕ್ತತಾವಾದಿ ಎರಡೂ ಕಡೆ ಹೌದು ಎನ್ನಬೇಕಾಗುತ್ತದೆ. ಕೊಲ್ಲುವುದು ಯಾವಾಗಲೂ ನಿಷಿದ್ಧ ಎನ್ನುವವನು ಎರಡೂ ಕಡೆ ಇಲ್ಲ ಎನ್ನಬೇಕಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಈ ಎರಡು ಗುಂಪಿಗೂ ಸೇರುವುದಿಲ್ಲ.

ಫುಟ್ ಕೇಳಿದ ಪ್ರಶ್ನೆ

ಫುಟ್ ಅವರ ಪ್ರಬಂಧ ‘ಆಕ್ಸ್‌ಫರ್ಡ್ ರಿವ್ಯೂ’ ಪತ್ರಿಕೆಯಲ್ಲಿ ಬಂತು. ವಿಷಯ ಟ್ರಾಲಿಯಲ್ಲ, ಗರ್ಭಪಾತ ಮತ್ತು ದ್ವಿಪರಿಣಾಮ ತತ್ತ್ವ. ಟ್ರಾಮ್ ಅದರಲ್ಲಿ ಕೆಲವೇ ಸಾಲುಗಳಲ್ಲಿ ಬಂದುಹೋಗುವ ಉದಾಹರಣೆ. ಅಲ್ಲಿ ನಿರ್ಧರಿಸಬೇಕಾದವನು ದಾರಿಹೋಕನಲ್ಲ, ಟ್ರಾಮಿನ ಚಾಲಕನೇ. ಅದರ ಜೋಡಿಯಾಗಿ ಫುಟ್ ಇಟ್ಟದ್ದು ಸೇತುವೆಯನ್ನಲ್ಲ, ಒಬ್ಬ ನ್ಯಾಯಾಧೀಶನನ್ನು. ಒಂದು ಅಪರಾಧಕ್ಕೆ ಅಪರಾಧಿ ಸಿಗಲೇಬೇಕೆಂದು ದಂಗೆಕೋರರು ಪಟ್ಟು ಹಿಡಿದಿದ್ದಾರೆ, ಸಿಗದಿದ್ದರೆ ಒಂದು ಸಮುದಾಯದ ಮೇಲೆ ಬೀಳುತ್ತಾರೆ. ಒಬ್ಬ ನಿರಪರಾಧಿಯ ತಲೆಗೆ ಅಪರಾಧ ಕಟ್ಟಿ ಗಲ್ಲಿಗೇರಿಸಿದರೆ ಹಲವರು ಉಳಿಯುತ್ತಾರೆ. ಚಾಲಕ ಟ್ರಾಮನ್ನು ಒಬ್ಬನಿರುವ ಕಡೆ ತಿರುಗಿಸಬಹುದು ಎನ್ನುವ ನಾವು ನ್ಯಾಯಾಧೀಶನಿಗೆ ಹಾಗೆ ಮಾಡಬೇಡ ಎನ್ನುವುದೇಕೆ?

ದ್ವಿಪರಿಣಾಮ ತತ್ತ್ವದ ಬಳಿ ಇದಕ್ಕೆ ಸಿದ್ಧ ಉತ್ತರವಿದೆ. ನ್ಯಾಯಾಧೀಶನ ಯೋಜನೆಗೆ ಆ ನಿರಪರಾಧಿಯ ಸಾವೇ ಬೇಕು, ಚಾಲಕನಿಗೆ ಯಾರ ಸಾವೂ ಬೇಡ. ಫುಟ್ ಆ ಉತ್ತರವನ್ನು ಗೌರವದಿಂದಲೇ ಪರಿಶೀಲಿಸಿ ಪಕ್ಕಕ್ಕಿಟ್ಟರು. ಅದಕ್ಕೆ ಅವರು ಬಳಸಿದ್ದು ಒಂದು ಆಸ್ಪತ್ರೆಯ ಉದಾಹರಣೆ. ಐವರು ರೋಗಿಗಳನ್ನು ಒಂದು ಅನಿಲ ತಯಾರಿಸಿ ಉಳಿಸಬಹುದು. ಆದರೆ ತಯಾರಿಸುವಾಗ ಏಳುವ ವಿಷದ ಹೊಗೆ ಪಕ್ಕದ ಕೋಣೆಗೆ ನುಗ್ಗುತ್ತದೆ, ಅಲ್ಲಿರುವ ರೋಗಿಯನ್ನು ಯಾವುದೋ ಕಾರಣಕ್ಕೆ ಸ್ಥಳಾಂತರಿಸುವಂತಿಲ್ಲ. ಇಲ್ಲಿ ಆತನ ಸಾವು ಯಾರ ಉದ್ದೇಶವೂ ಅಲ್ಲ, ಮುಂದಾಗಿ ಕಂಡ ಪಕ್ಕಪರಿಣಾಮ ಮಾತ್ರ. ದ್ವಿಪರಿಣಾಮ ತತ್ತ್ವದ ಪ್ರಕಾರ ಅನಿಲ ತಯಾರಿಸಬಹುದು ಎಂದಾಗಬೇಕು. ಆದರೂ ನಮಗೆ ಅದು ತಪ್ಪೆಂದೇ ತೋರುತ್ತದೆ.

ಫುಟ್ ಕೊಟ್ಟ ಬದಲಿ ಉತ್ತರ ಕರ್ತವ್ಯಗಳ ಎರಡು ಬಗೆಯನ್ನು ಅವಲಂಬಿಸಿದೆ. ಇನ್ನೊಬ್ಬರಿಗೆ ಕೇಡು ಮಾಡದಿರುವುದು ಒಂದು ಕರ್ತವ್ಯ, ಇನ್ನೊಬ್ಬರಿಗೆ ನೆರವಾಗುವುದು ಇನ್ನೊಂದು. ಮೊದಲನೆಯದರ ಬಿಗಿ ಹೆಚ್ಚು. ಚಾಲಕ ಟ್ರಾಮನ್ನು ನಡೆಸುತ್ತಿರುವವನಾದ್ದರಿಂದ ಹೇಗೆ ಹೋದರೂ ಕೊಲ್ಲುವವನೇ. ಐವರನ್ನು ಕೊಲ್ಲುವುದೋ ಒಬ್ಬನನ್ನೋ ಎಂದು ಅವನು ಒಂದೇ ಬಗೆಯ ಎರಡು ಕರ್ತವ್ಯಗಳ ನಡುವೆ ಸಿಕ್ಕಿಕೊಂಡಿದ್ದಾನೆ, ಚಿಕ್ಕ ಕೇಡನ್ನು ಆರಿಸಬಹುದು. ನ್ಯಾಯಾಧೀಶನೂ ಅನಿಲ ತಯಾರಿಸುವ ವೈದ್ಯನೂ ಹಾಗಲ್ಲ. ಅವರು ನೆರವಾಗುವ ಸಲುವಾಗಿ ಕೇಡು ಮಾಡಹೊರಟವರು.

ಥಾಮ್ಸನ್ ಮಾಡಿದ ಬದಲಾವಣೆ ನೋಡಲು ಸಣ್ಣದು. ಚಾಲಕನನ್ನು ತೆಗೆದು ಅವನ ಜಾಗಕ್ಕೆ ಅವರು ಟ್ರಾಲಿ ನಡೆಸುವ ಹೊಣೆಯಿಲ್ಲದವನನ್ನು ತಂದರು. 1985ರ ಪ್ರಬಂಧದಲ್ಲಿ ಅವನು ಲಿವರ್ ಪಕ್ಕದಲ್ಲಿ ನಿಂತ ದಾರಿಹೋಕ. ಅವನು ಸುಮ್ಮನಿದ್ದರೆ ಐವರು ಸಾಯಲು ಬಿಟ್ಟಂತಾಗುತ್ತದೆ, ಕೊಂದಂತಾಗುವುದಿಲ್ಲ. ಎಳೆದರೆ ಒಬ್ಬನನ್ನು ಕೊಂದಂತಾಗುತ್ತದೆ. ಫುಟ್ ಅವರ ಸೂತ್ರದಂತೆ ಅವನು ಎಳೆಯಕೂಡದು. ಆದರೆ ಎಳೆಯಬಹುದೆಂದೇ ಹೆಚ್ಚಿನವರಿಗೆ ಅನಿಸುತ್ತದೆ. ಅಲ್ಲಿಗೆ ಫುಟ್ ಮುಚ್ಚಿದ್ದ ಪ್ರಶ್ನೆ ಮತ್ತೆ ತೆರೆದುಕೊಂಡಿತು, ದ್ವಿಪರಿಣಾಮ ತತ್ತ್ವವೂ ಮರಳಿ ಕಣಕ್ಕೆ ಬಂತು.

ತತ್ತ್ವ ಹೇಳುವುದೇನು

ಅಕ್ವಿನಾಸ್ ‘ಸುಮ್ಮಾ ಥಿಯಾಲಜಿಯೆ’ಯಲ್ಲಿ ಕೇಳಿದ್ದು ಆತ್ಮರಕ್ಷಣೆಯ ಪ್ರಶ್ನೆ. ಮೇಲೆ ಬಿದ್ದವನನ್ನು ತಡೆಯುವಾಗ ಅವನು ಸತ್ತರೆ ಅದು ಪಾಪವೇ? ಒಂದೇ ಕೃತ್ಯಕ್ಕೆ ಎರಡು ಪರಿಣಾಮಗಳಿರಬಹುದು, ಒಂದು ಉದ್ದೇಶಿಸಿದ್ದು, ಇನ್ನೊಂದು ಉದ್ದೇಶದ ಹೊರಗಿನದು ಎಂದು ಆತ ವಾದಿಸಿದ. ತನ್ನ ಜೀವ ಉಳಿಸಿಕೊಳ್ಳುವುದು ಉದ್ದೇಶ, ಎದುರಾಳಿಯ ಸಾವು ಅದರ ಹೊರಗಿನದು. ಬಳಸಿದ ಬಲ ಅಗತ್ಯಕ್ಕಿಂತ ಹೆಚ್ಚಾಗಿರಬಾರದು ಎಂಬ ಮಿತಿಯನ್ನೂ ಆತ ಸೇರಿಸಿದ. ಮುಂದೆ ಕ್ಯಾಥೊಲಿಕ್ ನೀತಿಶಾಸ್ತ್ರಜ್ಞರು ಇದನ್ನು ನಾಲ್ಕು ಷರತ್ತುಗಳ ನಿಯಮವಾಗಿ ಕಟ್ಟಿದರು. ಕೃತ್ಯ ತನ್ನಷ್ಟಕ್ಕೆ ಕೆಟ್ಟದ್ದಾಗಿರಬಾರದು. ಕರ್ತೃ ಒಳ್ಳೆಯ ಪರಿಣಾಮವನ್ನೇ ಬಯಸಬೇಕು. ಕೆಟ್ಟ ಪರಿಣಾಮದ ಮೂಲಕ ಒಳ್ಳೆಯದನ್ನು ಪಡೆಯುವಂತಿಲ್ಲ. ಕೆಟ್ಟದ್ದನ್ನು ಸಹಿಸಿಕೊಳ್ಳುವಷ್ಟು ಗಂಭೀರ ಕಾರಣವೂ ಇರಬೇಕು.

ಟ್ರಾಲಿ ಚರ್ಚೆಯಲ್ಲಿ ಕೆಲಸ ಮಾಡುವುದು ಮೂರನೆಯ ಷರತ್ತು. ಅದನ್ನು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ: ಸಾಯಬೇಕಾದವನು ಹೇಗೋ ತಪ್ಪಿಸಿಕೊಂಡ ಎಂದುಕೊಳ್ಳಿ. ಲಿವರ್ ಎಳೆದ ಮೇಲೆ ಪಕ್ಕದ ಹಳಿಯವನು ಕೊನೆ ಗಳಿಗೆಯಲ್ಲಿ ಹಾರಿ ಪಾರಾದರೆ, ಎಳೆದವನಿಗೆ ಆದ ನಷ್ಟವೇನೂ ಇಲ್ಲ. ಐವರು ಹೇಗೂ ಉಳಿದರು, ಆರನೆಯವನೂ ಉಳಿದ. ಸೇತುವೆಯ ಮೇಲಿನ ದಡೂತಿ ಮನುಷ್ಯ ಕೈಗೆ ಸಿಗದೆ ಓಡಿಹೋದರೆ ಯೋಜನೆಯೇ ಕೆಟ್ಟಿತು, ಯಾಕೆಂದರೆ ಐವರನ್ನು ಉಳಿಸುವ ಸಾಧನವೇ ಅವನ ದೇಹ. ಮೊದಲ ಕಥೆಯಲ್ಲಿ ಸಾವು ದಾರಿಯ ಪಕ್ಕದಲ್ಲಿದೆ, ಎರಡನೆಯದರಲ್ಲಿ ದಾರಿಯೇ ಅದರ ಮೇಲೆ ಹಾದುಹೋಗುತ್ತದೆ. ಯುದ್ಧನೀತಿಯ ಪಠ್ಯಗಳಲ್ಲಿ ಇದೇ ಭೇದವನ್ನು ಇಬ್ಬರು ವೈಮಾನಿಕರ ಮೂಲಕ ವಿವರಿಸುತ್ತಾರೆ. ಒಬ್ಬ ಮದ್ದುಗುಂಡಿನ ಕಾರ್ಖಾನೆಗೆ ಬಾಂಬ್ ಹಾಕುತ್ತಾನೆ, ಪಕ್ಕದ ಮನೆಗಳವರು ಸಾಯುತ್ತಾರೆಂದು ಅವನಿಗೆ ಗೊತ್ತು. ಇನ್ನೊಬ್ಬ ಶತ್ರುವಿನ ಎದೆಗುಂದಿಸಲೆಂದೇ ಮನೆಗಳ ಮೇಲೆ ಬಾಂಬ್ ಹಾಕುತ್ತಾನೆ. ಸತ್ತವರ ಸಂಖ್ಯೆ ಒಂದೇ ಇದ್ದರೂ ತತ್ತ್ವದ ಪ್ರಕಾರ ಎರಡನೆಯವನಿಗೆ ಸಮರ್ಥನೆಯಿಲ್ಲ.

ತತ್ತ್ವವನ್ನು ತಪ್ಪಾಗಿ ಓದುವುದೂ ಸಾಮಾನ್ಯ. ‘ನನ್ನ ಉದ್ದೇಶ ಒಳ್ಳೆಯದಿತ್ತು’ ಎಂದ ಮಾತ್ರಕ್ಕೆ ಅದು ಯಾರನ್ನೂ ಬಿಡುವುದಿಲ್ಲ. ಸೇತುವೆಯಿಂದ ತಳ್ಳುವವನ ಗುರಿಯೂ ಒಳ್ಳೆಯದೇ, ಐವರ ಜೀವ. ತತ್ತ್ವ ಪರಿಶೀಲಿಸುವುದು ಆ ಗುರಿಗೆ ಅವನು ಹಿಡಿದ ದಾರಿಯನ್ನು. ಹಾಗೆಯೇ, ಮುಂದಾಗಿ ಕಂಡ ಕೇಡಿಗೆ ಹೊಣೆಯೇ ಇಲ್ಲ ಎಂದೂ ಅದು ಹೇಳುವುದಿಲ್ಲ, ನಾಲ್ಕನೆಯ ಷರತ್ತು ಇರುವುದೇ ಅದಕ್ಕೆ. ಒಬ್ಬನನ್ನು ಉಳಿಸಲು ಟ್ರಾಲಿಯನ್ನು ಐವರ ಕಡೆ ತಿರುಗಿಸುವಾತ ಆ ಐವರ ಸಾವನ್ನು ಎಷ್ಟೇ ಬಯಸದಿದ್ದರೂ ತಪ್ಪಿತಸ್ಥನೇ.

ಭಾರತದ ಕಾನೂನಿನಲ್ಲಿ ಒಂದು ಹಡಗು

ಫುಟ್ ಅವರ ಟ್ರಾಮಿಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲು ಇದೇ ಜಾತಿಯ ಒಂದು ಉದಾಹರಣೆ ನಮ್ಮ ದೇಶದ ಕಾನೂನಿನಲ್ಲಿ ಬಂದಿತ್ತು. ನೀತಿಶಾಸ್ತ್ರದ ಪಠ್ಯಗಳು ಇದನ್ನು ಅಪರೂಪಕ್ಕೆ ನೆನೆಯುತ್ತವೆ, ಕಾನೂನು ವಿದ್ಯಾರ್ಥಿಗಳಿಗೆ ಮಾತ್ರ ಚಿರಪರಿಚಿತ. 1860ರ ಭಾರತೀಯ ದಂಡ ಸಂಹಿತೆಯ 81ನೇ ಕಲಮಿನ ಮೊದಲ ದೃಷ್ಟಾಂತದಲ್ಲಿ ಒಬ್ಬ ಹಡಗಿನ ಕಪ್ತಾನನಿದ್ದಾನೆ. ತನ್ನದೇನೂ ತಪ್ಪಿಲ್ಲದೆ ಅವನು ಇದ್ದಕ್ಕಿದ್ದಂತೆ ಇಕ್ಕಟ್ಟಿಗೆ ಸಿಲುಕುತ್ತಾನೆ. ಹೀಗೇ ಹೋದರೆ ಹಡಗು ನಿಲ್ಲುವುದರೊಳಗೆ 20–30 ಪ್ರಯಾಣಿಕರಿರುವ ದೋಣಿಯನ್ನು ಗುದ್ದುವುದು ಖಂಡಿತ. ದಿಕ್ಕು ಬದಲಿಸಿದರೆ ಇಬ್ಬರೇ ಇರುವ ಇನ್ನೊಂದು ದೋಣಿಯನ್ನು ಗುದ್ದುವ ಅಪಾಯವಿದೆ, ಅದನ್ನು ತಪ್ಪಿಸಿಕೊಂಡು ಹೋಗಲೂಬಹುದು.

ಕಲಮಿನ ಉತ್ತರ ಹೀಗಿದೆ: ಎರಡನೆಯ ದೋಣಿಯನ್ನು ಗುದ್ದುವ ಉದ್ದೇಶವಿಲ್ಲದೆ, ಮೊದಲನೆಯ ದೋಣಿಯವರನ್ನು ಉಳಿಸಲು ಸದ್ಭಾವನೆಯಿಂದ ದಿಕ್ಕು ಬದಲಿಸಿದ್ದರೆ, ಇಬ್ಬರ ದೋಣಿಗೆ ಡಿಕ್ಕಿಯಾದರೂ ಅವನು ಅಪರಾಧಿಯಲ್ಲ. ಡಿಕ್ಕಿಯಾಗುವ ಸಂಭವವಿದೆ ಎಂದು ಗೊತ್ತಿದ್ದುದು ಅವನಿಗೆ ಮುಳುವಾಗುವುದಿಲ್ಲ. ಆದರೆ ತಪ್ಪಿಸಲು ಹೊರಟ ಅಪಾಯ ಅಂಥ ಕ್ಷಮೆಗೆ ತಕ್ಕಷ್ಟು ದೊಡ್ಡದೂ ಸನಿಹದ್ದೂ ಆಗಿತ್ತೇ ಎಂಬುದನ್ನು ನ್ಯಾಯಾಲಯ ಸಂಗತಿಗಳ ಮೇಲೆ ತೀರ್ಮಾನಿಸಬೇಕು. ಉದ್ದೇಶವೇ ಬೇರೆ, ಅರಿವೇ ಬೇರೆ ಎಂಬ ಭೇದ ಇಲ್ಲಿ ನೇರವಾಗಿ ಕಾಣುತ್ತದೆ. ಜೊತೆಗೆ ಕೇಡಿನ ಪ್ರಮಾಣ ನೋಡುವ ಷರತ್ತೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 19ನೇ ಕಲಮಿನಲ್ಲಿ ಕಪ್ತಾನ ಹಾಗೆಯೇ ಮುಂದುವರಿದಿದ್ದಾನೆ.

ಕಾನೂನು ರೂಪಿಸಿದವರು ಕಥೆಯನ್ನು ಎಷ್ಟು ಎಚ್ಚರದಿಂದ ಹೆಣೆದಿದ್ದಾರೆ ನೋಡಿ. ಮೊದಲ ಡಿಕ್ಕಿ ಖಚಿತ, ಎರಡನೆಯದು ಬರೀ ಸಂಭವ. ಕಪ್ತಾನ ಫುಟ್ ಅವರ ಚಾಲಕನ ಹಾಗೆ ತಾನೇ ವಾಹನ ನಡೆಸುತ್ತಿರುವವನು. ದಡದಲ್ಲಿ ನಿಂತ ಯಾರೋ ಒಬ್ಬ ಇಬ್ಬರ ದೋಣಿಯನ್ನು ಹಡಗಿಗೆ ಅಡ್ಡವಾಗಿ ನೂಕಿ ದೊಡ್ಡ ದೋಣಿಯನ್ನು ಉಳಿಸಿದರೆ? ಈ ದೃಷ್ಟಾಂತ ಅವನ ನೆರವಿಗೆ ಬರುವುದಿಲ್ಲ, ಏಕೆಂದರೆ ಆ ದೋಣಿಗೆ ಡಿಕ್ಕಿಯಾಗುವುದೇ ಅವನ ಉದ್ದೇಶವಾಗಿರುತ್ತದೆ.

ಸುತ್ತುಹಳಿ ಮತ್ತು ಸಾಮೀಪ್ಯ

ಇಷ್ಟು ಸಲೀಸಾಗಿ ಕೆಲಸ ಮಾಡುವ ತತ್ತ್ವ ಎರಡು ಕಡೆ ತೊಡರುತ್ತದೆ. ಮೊದಲನೆಯದು ಥಾಮ್ಸನ್ 1985ರಲ್ಲಿ ಕಟ್ಟಿದ ಸುತ್ತುಹಳಿಯ ಕಥೆ. ಪಕ್ಕದ ಹಳಿ ಮುಂದೆ ಹೋಗಿ ಬಳಸಿಕೊಂಡು ಬಂದು, ಐವರಿರುವ ಹಳಿಗೆ ಅವರ ಹಿಂದಿನಿಂದ ಸೇರುತ್ತದೆ. ಲಿವರ್ ಎಳೆದರೆ ಟ್ರಾಲಿ ಆ ಒಬ್ಬನಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ಅವನು ಅಲ್ಲಿರದಿದ್ದರೆ ಸುತ್ತಿ ಬಂದು ಐವರನ್ನು ಹಿಂದಿನಿಂದ ಕೊಲ್ಲುತ್ತಿತ್ತು. ತಪ್ಪಿಸಿಕೊಳ್ಳುವ ಪರೀಕ್ಷೆಯನ್ನು ಇಲ್ಲಿ ಮಾಡಿ ನೋಡಿ. ಅವನು ಹಾರಿ ಪಾರಾದರೆ ಐವರು ಸತ್ತರು. ಅಂದರೆ ಸೇತುವೆಯ ಮೇಲಿನವನ ಹಾಗೆ ಇವನ ದೇಹವೂ ಸಾಧನವೇ, ತತ್ತ್ವದಂತೆ ಇದು ನಿಷಿದ್ಧ. ಆದರೆ ಲಿವರ್ ಕಥೆಗೆ ಒಂದಿಷ್ಟು ಹಳಿಯ ತುಂಡು ಜೋಡಿಸಿದ್ದರಿಂದ ಸರಿಯಾಗಿದ್ದದ್ದು ಕೊಲೆಯಾಗಿಬಿಡುತ್ತದೆಯೇ ಎಂದು ಥಾಮ್ಸನ್ ಕೇಳಿದರು. ಆಗುವುದಿಲ್ಲವೆಂದೇ ಅವರ ಅಭಿಪ್ರಾಯವಾಗಿತ್ತು.

ತತ್ತ್ವವನ್ನು ಉಳಿಸಿಕೊಳ್ಳಲು ಬಂದ ಉತ್ತರಗಳಲ್ಲಿ ಫ್ರಾನ್ಸಿಸ್ ಕ್ಯಾಮ್ ಅವರದು ಜಾಣ್ಮೆಯದು. ಒಂದು ಪರಿಣಾಮ ಆಗುತ್ತದೆ ಎಂಬ ಕಾರಣದಿಂದ ಕೆಲಸ ಮಾಡುವುದು ಬೇರೆ, ಅದು ಆಗಲಿ ಎಂಬ ಉದ್ದೇಶದಿಂದ ಮಾಡುವುದು ಬೇರೆ ಎನ್ನುತ್ತಾರೆ ಅವರು. ಸುತ್ತುಹಳಿಗೆ ಟ್ರಾಲಿಯನ್ನು ತಿರುಗಿಸುವವನು ಮುಂದಿನಿಂದ ಬರುವ ಅಪಾಯವನ್ನು ತಪ್ಪಿಸಲು ತಿರುಗಿಸುತ್ತಾನೆ. ಹಿಂದಿನಿಂದ ಬರಬಹುದಾದ ಹೊಸ ಅಪಾಯವನ್ನು ಆ ಮನುಷ್ಯ ಹೇಗೂ ತಡೆಯುತ್ತಾನೆ ಎಂಬುದು ಅವನಿಗೆ ಗೊತ್ತಿರುವುದರಿಂದ ಮುಂದುವರಿಯುತ್ತಾನೆ, ಡಿಕ್ಕಿಯನ್ನು ಗುರಿಯಾಗಿಸಿಕೊಂಡಿರುವುದಿಲ್ಲ. ಕ್ಯಾಮ್ ಇದನ್ನು ತ್ರಿಪರಿಣಾಮ ತತ್ತ್ವ ಎಂದು ಕರೆದರು. ಕಾಗದದ ಮೇಲೆ ಭೇದ ನಿಲ್ಲುತ್ತದೆ. ಲಿವರ್ ಹಿಡಿದವನ ಮನಸ್ಸಿನಲ್ಲಿ ಇಷ್ಟು ನವಿರಾದ ಗೆರೆ ಇರುತ್ತದೆಯೇ ಎಂಬ ಅನುಮಾನ ಮಾತ್ರ ಉಳಿದೇ ಇರುತ್ತದೆ.

ಎರಡನೆಯ ತೊಡಕು ಇನ್ನೂ ಆಳದ್ದು, ಫುಟ್ ಅವರೇ ಎತ್ತಿದ್ದು. ಗುಹೆಯ ಬಾಯಲ್ಲಿ ಒಬ್ಬ ದಪ್ಪ ಮನುಷ್ಯ ಸಿಕ್ಕಿಕೊಂಡಿದ್ದಾನೆ, ಒಳಗೆ ಉಳಿದವರಿದ್ದಾರೆ, ನೀರು ಏರುತ್ತಿದೆ, ಕೈಯಲ್ಲಿ ಒಂದು ಡೈನಮೈಟ್ ಕಡ್ಡಿಯಿದೆ. ‘ಅವನನ್ನು ಕೊಲ್ಲುವುದು ನಮ್ಮ ಉದ್ದೇಶವಲ್ಲ, ದಾರಿ ಬಿಡಿಸಿಕೊಳ್ಳಲು ಅವನನ್ನು ಛಿದ್ರ ಮಾಡಿದೆವು, ಸಾವು ಅದರ ಪಕ್ಕಪರಿಣಾಮ’ ಎಂದು ಒಳಗಿನವರು ವಾದಿಸಿದರೆ ನಗು ಬರುತ್ತದೆ. ಆದರೆ ಆ ವಾದದಲ್ಲಿ ತಪ್ಪೇನೆಂದು ತೋರಿಸುವುದು ಸುಲಭವಲ್ಲ. ಸೇತುವೆಯವನೂ ಇದನ್ನೇ ಹೇಳಬಹುದು. ತನಗೆ ಬೇಕಿದ್ದದ್ದು ಟ್ರಾಲಿ ನಿಲ್ಲಿಸುವ ಭಾರ ಮಾತ್ರ, ಆ ಮನುಷ್ಯ ಪವಾಡದಂತೆ ಬದುಕಿದ್ದರೆ ತಾನೇ ಮೊದಲು ಸಂಭ್ರಮಿಸುತ್ತಿದ್ದೆ ಎಂದು. ಉದ್ದೇಶವನ್ನು ಹೀಗೆ ಹೋಳು ಮಾಡುತ್ತ ಹೋದರೆ ತತ್ತ್ವ ಏನನ್ನೂ ನಿಷೇಧಿಸದ ಸ್ಥಿತಿಗೆ ಬಂದುಬಿಡುತ್ತದೆ. ಉದ್ದೇಶಿಸಿದ್ದಕ್ಕೂ ಅದಕ್ಕೆ ಅಂಟಿಕೊಂಡೇ ಬರುವುದಕ್ಕೂ ನಡುವಿನ ಈ ಅಂಟಿನ ತೊಡಕನ್ನು ಸಾಮೀಪ್ಯದ ಸಮಸ್ಯೆ ಎನ್ನುತ್ತಾರೆ.

ವಾರೆನ್ ಕ್ವಿನ್ 1989ರಲ್ಲಿ ಬರೆದ ಪ್ರಬಂಧ ಇದಕ್ಕೆ ಸಿಕ್ಕ ಉತ್ತರಗಳಲ್ಲಿ ಗಟ್ಟಿಯಾದುದು. ಸಾವನ್ನು ಉದ್ದೇಶಿಸಿದೆಯೋ ಇಲ್ಲವೋ ಎಂದು ಕೇಳುವುದನ್ನು ಬಿಡಿ, ಆ ಮನುಷ್ಯನನ್ನೇ ನಿನ್ನ ಯೋಜನೆಯೊಳಗೆ ಎಳೆದುಕೊಂಡೆಯೋ ಇಲ್ಲವೋ ಎಂದು ಕೇಳಿ ಎಂದರು ಕ್ವಿನ್. ಸೇತುವೆಯ ಮೇಲಿನವನು ಸಾಯಲಿ ಎಂದು ತಳ್ಳುವವನು ಬಯಸದಿರಬಹುದು, ಆದರೆ ಅವನು ಬಂದು ಟ್ರಾಲಿಗೆ ಅಡ್ಡವಾಗಲಿ ಎಂದಂತೂ ಬಯಸುತ್ತಾನೆ. ಒಪ್ಪಿಗೆಯಿಲ್ಲದ ಮನುಷ್ಯನನ್ನು, ಅವನಿಗೆ ಕೇಡೆಂದು ತಿಳಿದೂ, ತನ್ನ ಕೆಲಸಕ್ಕೆ ಹಚ್ಚಿಕೊಳ್ಳುವುದೇ ತಪ್ಪು. ಪಕ್ಕದ ಹಳಿಯವನನ್ನು ಯಾರೂ ಯಾವ ಕೆಲಸಕ್ಕೂ ಹಚ್ಚಿಕೊಂಡಿಲ್ಲ, ಅವನು ಅಲ್ಲಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದೇ ಆಗುತ್ತಿತ್ತು. ದ್ವಿಪರಿಣಾಮ ತತ್ತ್ವದ ಒಳತಿರುಳು ಇದೇ ಇರಬೇಕು ಎಂಬುದು ಈ ಲೇಖಕನ ಮತವೂ ಹೌದು, ಸುತ್ತುಹಳಿಗೆ ಇದರಿಂದಲೂ ಪರಿಹಾರ ಸಿಗದಿದ್ದರೂ.

ಜನರ ತೀರ್ಪು ಹೇಗೆ ಮೂಡುತ್ತದೆ

2000ದವರೆಗೆ ‘ನಮಗೆ ಹೀಗನಿಸುತ್ತದೆ’ ಎಂಬಲ್ಲಿನ ‘ನಾವು’ ಹೆಚ್ಚಾಗಿ ಪ್ರಾಧ್ಯಾಪಕರು ಮತ್ತು ಅವರ ವಿದ್ಯಾರ್ಥಿಗಳೇ ಆಗಿದ್ದರು. ಆಮೇಲೆ ಮನೋವಿಜ್ಞಾನಿಗಳು ಬಂದರು. ಮಾರ್ಕ್ ಹೌಸರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಂತರ್ಜಾಲ ಸಮೀಕ್ಷೆಯಲ್ಲಿ ತಿರುಗಿಸಬಹುದು ಎಂದವರು ಶೇ 85ರ ಸುಮಾರು, ತಳ್ಳಬಹುದು ಎಂದವರು ಶೇ 12ರ ಸುಮಾರು. ಎರಡಕ್ಕೂ ಬೇರೆ ಬೇರೆ ಉತ್ತರ ಕೊಟ್ಟವರನ್ನು ಕಾರಣ ಕೇಳಿದಾಗ ಬಹುತೇಕರಿಗೆ ಒಪ್ಪುವಂಥ ಕಾರಣ ಕೊಡಲು ಬರಲಿಲ್ಲ. ತೀರ್ಪು ಮೊದಲು ಬರುತ್ತದೆ, ಕಾರಣ ಆಮೇಲೆ ತಡಕಾಡುತ್ತ ಬರುತ್ತದೆ.

ಜೋಶುವಾ ಗ್ರೀನ್ ಮತ್ತು ಸಂಗಡಿಗರು 2001ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮಿದುಳಿನ ಚಿತ್ರಣಗಳನ್ನಿಟ್ಟು ಒಂದು ವಿವರಣೆ ಕೊಟ್ಟರು. ಸೇತುವೆಯಂಥ ಮೈಮುಟ್ಟುವ ಸನ್ನಿವೇಶಗಳಲ್ಲಿ ಭಾವನೆಗೆ ಸಂಬಂಧಿಸಿದ ಭಾಗಗಳು ಹೆಚ್ಚು ಚುರುಕಾಗುತ್ತವೆ, ಲಿವರ್‌ನಂಥ ದೂರದ ಸನ್ನಿವೇಶಗಳಲ್ಲಿ ಲೆಕ್ಕಾಚಾರದ ಭಾಗಗಳು. 2007ರಲ್ಲಿ ‘ನೇಚರ್’ನಲ್ಲಿ ಬಂದ ಇನ್ನೊಂದು ಅಧ್ಯಯನ ಇದಕ್ಕೆ ಪುಷ್ಟಿ ಕೊಟ್ಟಿತು. ಹಣೆಯ ಹಿಂದೆ, ಮಿದುಳಿನ ಮುಂಭಾಗದ ಕೆಳ ಒಳಮಗ್ಗುಲಿಗೆ ಹಾನಿಯಾಗಿ ಸಾಮಾಜಿಕ ಭಾವನೆಗಳು ಮಂಕಾಗಿದ್ದ ಆರು ರೋಗಿಗಳು ಮೈಮುಟ್ಟುವ ಸನ್ನಿವೇಶಗಳಲ್ಲೂ ಐವರ ಪರವಾದ ಲೆಕ್ಕವನ್ನೇ ಉಳಿದವರಿಗಿಂತ ಹೆಚ್ಚಾಗಿ ಒಪ್ಪಿದರು.

ಮುಟ್ಟುವುದು ಮುಖ್ಯವೋ, ಸಾಧನವಾಗಿಸುವುದು ಮುಖ್ಯವೋ ಎಂಬುದನ್ನು ಬೇರೆ ಮಾಡಿ ನೋಡಿದ್ದು ಗ್ರೀನ್ ತಂಡದ 2009ರ ಪ್ರಯೋಗ. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೈಯಿಂದ ತಳ್ಳುವ ಮಾಮೂಲಿ ಕಥೆಯನ್ನು ಒಪ್ಪಿದವರು ಶೇ 31. ಕೈ ಬದಲು ಉದ್ದನೆಯ ಕೋಲಿನಿಂದ ತಳ್ಳಿದರೆ ಶೇ 33, ಅಂದರೆ ಚರ್ಮ ತಾಗುವುದು ಬಿಡುವುದು ಲೆಕ್ಕಕ್ಕಿಲ್ಲ. ಆ ಮನುಷ್ಯ ಕಳ್ಳಬಾಗಿಲಿನ ಮೇಲೆ ನಿಂತಿದ್ದು, ಪಕ್ಕದಲ್ಲೇ ನಿಂತವನು ಸ್ವಿಚ್ ಒತ್ತಿ ಬೀಳಿಸಿದರೆ ಶೇ 59. ಆ ಸ್ವಿಚ್ ದೂರದಲ್ಲಿದ್ದರೆ ಶೇ 63. ಈ ಕೊನೆಯ ಎರಡರಲ್ಲೂ ಅವನ ದೇಹ ಸಾಧನವೇ, ದ್ವಿಪರಿಣಾಮ ತತ್ತ್ವದ ದೃಷ್ಟಿಯಲ್ಲಿ ನಾಲ್ಕೂ ಒಂದೇ. ಆದರೂ ಸ್ನಾಯುಬಲ ತೆಗೆದೊಡನೆ ಒಪ್ಪಿಗೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು.

ಹಾಗಾದರೆ ಎಲ್ಲವೂ ಕೈಬಲದ ಮಹಿಮೆಯೇ? ಅದೂ ಅಲ್ಲ. ಇನ್ನೊಂದು ಕಥೆಯಲ್ಲಿ ದಾರಿಹೋಕ ಸ್ವಿಚ್ ಕಡೆಗೆ ಇಕ್ಕಟ್ಟಾದ ಸೇತುವೆಯ ಮೇಲೆ ಓಡುತ್ತಾನೆ, ದಾರಿಗಡ್ಡ ನಿಂತವನಿಗೆ ಗುದ್ದುತ್ತಾನೆ, ಅವನು ಕೆಳಗೆ ಬಿದ್ದು ಸಾಯುತ್ತಾನೆ. ಇಲ್ಲಿ ಬೀಳಿಸಿದ್ದು ಮೈಬಲವೇ, ಆದರೆ ಬಿದ್ದವನಿಂದ ಏನೂ ಆಗಬೇಕಿರಲಿಲ್ಲ. ಇದನ್ನು ಒಪ್ಪಿದವರು ಶೇ 80ರ ಆಸುಪಾಸು. ಸುತ್ತುಹಳಿಯಲ್ಲಿ ದೇಹ ಸಾಧನ, ಆದರೆ ಮೈಬಲವಿಲ್ಲ. ಅಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೈಬಲ ಒಂದೇ ಇದ್ದರೆ ಜನ ಸಹಿಸುತ್ತಾರೆ. ಸಾಧನವಾಗಿಸುವುದು ಒಂದೇ ಇದ್ದರೂ ಸಾಕಷ್ಟು ಸಹಿಸುತ್ತಾರೆ. ಎರಡೂ ಕೂಡಿದಾಗ ಹೇಸುತ್ತಾರೆ. ದ್ವಿಪರಿಣಾಮ ತತ್ತ್ವ ಜನರ ಮನಸ್ಸಿನ ಅರ್ಧವನ್ನು ಹಿಡಿದಿದೆ, ಉಳಿದರ್ಧ ಅದರ ಕಣ್ಣಿಗೆ ಬಿದ್ದೇ ಇಲ್ಲ.

ಉತ್ತರಗಳು ಇನ್ನೂ ಚಿಲ್ಲರೆ ಸಂಗತಿಗಳಿಗೂ ಬಗ್ಗುತ್ತವೆ. ಮೊದಲು ಸೇತುವೆಯ ಕಥೆ ಕೇಳಿದವರು ಆಮೇಲೆ ಲಿವರ್ ಎಳೆಯಲೂ ಹಿಂಜರಿಯುತ್ತಾರೆ. ತತ್ತ್ವಶಾಸ್ತ್ರದ ಪಂಡಿತರೂ ಇದಕ್ಕೆ ಹೊರತಲ್ಲ ಎಂದು ಎರಿಕ್ ಶ್ವಿಟ್ಸ್‌ಗೆಬೆಲ್ ಮತ್ತು ಫಿಯರಿ ಕುಶ್‌ಮನ್ 2012ರಲ್ಲಿ ತೋರಿಸಿದರು. ಕಥೆಗಳ ಸರದಿ ಬದಲಾದರೆ ಆ ಪಂಡಿತರು ದ್ವಿಪರಿಣಾಮ ತತ್ತ್ವವನ್ನು ಒಪ್ಪುವ ಮಟ್ಟವೂ ಬದಲಾಗುತ್ತಿತ್ತು. ಆಲ್ಬರ್ಟ್ ಕೋಸ್ಟಾ ಮತ್ತು ಸಂಗಡಿಗರ 2014ರ ಅಧ್ಯಯನದಲ್ಲಿ ಮಾತೃಭಾಷೆಯಲ್ಲಿ ಕೇಳಿದಾಗ ತಳ್ಳಬಹುದು ಎಂದವರು ಶೇ 20, ಕಲಿತ ಭಾಷೆಯಲ್ಲಿ ಕೇಳಿದಾಗ ಶೇ 33. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಇಷ್ಟೆಲ್ಲ ಅಲುಗಾಟದ ನಡುವೆಯೂ ಒಂದು ಕ್ರಮ ಮಾತ್ರ ಗಟ್ಟಿಯಾಗಿದೆ. ಎಡ್ಮಂಡ್ ಅವಾದ್ ಮತ್ತು ಸಂಗಡಿಗರು 42 ದೇಶಗಳ 70,000 ಜನರ ಉತ್ತರಗಳನ್ನು 2020ರಲ್ಲಿ ಪ್ರಕಟಿಸಿದಾಗ, ಒಪ್ಪಿಗೆಯ ಮಟ್ಟ ದೇಶದಿಂದ ದೇಶಕ್ಕೆ ಏರಿಳಿದರೂ ಲಿವರ್ ಮೊದಲು, ಸುತ್ತುಹಳಿ ನಡುವೆ, ಸೇತುವೆ ಕೊನೆ ಎಂಬ ಸಾಲು ಎಲ್ಲ ಕಡೆಯೂ ಒಂದೇ ಇತ್ತು.

ಗ್ರೀನ್ ತಮ್ಮ ಪ್ರಯೋಗಗಳಿಂದ ಒಂದು ನೈತಿಕ ತೀರ್ಮಾನವನ್ನೂ ಎಳೆದರು. ಸ್ನಾಯುಬಲ ಬಳಸಿದೆವೋ ಸ್ವಿಚ್ ಒತ್ತಿದೆವೋ ಎಂಬುದು ಸರಿ–ತಪ್ಪಿಗೆ ಸಂಬಂಧವಿಲ್ಲದ್ದು, ಆದ್ದರಿಂದ ಸೇತುವೆಯ ಮೇಲೆ ಮೂಡುವ ಅಸಹ್ಯವನ್ನು ನಂಬಬೇಕಿಲ್ಲ, ಐವರ ಲೆಕ್ಕವನ್ನೇ ಹಿಡಿಯಿರಿ ಎಂದು. ಸೆಲೀಮ್ ಬರ್ಕರ್ 2009ರಲ್ಲಿ ಇದರ ತೂತನ್ನು ತೋರಿಸಿದರು. ಸ್ನಾಯುಬಲ ನೈತಿಕವಾಗಿ ಅಪ್ರಸ್ತುತ ಎಂಬ ಮಾತು ಮಿದುಳಿನ ಚಿತ್ರದಲ್ಲಿ ಕಂಡದ್ದಲ್ಲ, ಅದೂ ಒಂದು ನೈತಿಕ ಅನಿಸಿಕೆಯೇ, ಕುರ್ಚಿಯಲ್ಲಿ ಕುಳಿತು ಯೋಚಿಸಿದ್ದರ ಫಲವೇ. ಪ್ರಯೋಗಶಾಲೆ ಜನ ಏನು ಹೇಳುತ್ತಾರೆ, ಯಾವುದು ಅವರನ್ನು ಹಾಗೆ ಹೇಳಿಸುತ್ತದೆ ಎಂಬುದನ್ನು ತಿಳಿಸಬಲ್ಲದು. ತಳ್ಳುವುದು ಸರಿಯೇ ಎಂಬುದು ಇನ್ನೂ ವಾದಕ್ಕೇ ಬಿಟ್ಟದ್ದು.

ಥಾಮ್ಸನ್ ಮನಸ್ಸು ಬದಲಿಸಿದ್ದು

ಸಮಸ್ಯೆಗೆ ಹೆಸರಿಟ್ಟ ಥಾಮ್ಸನ್ 2008ರಲ್ಲಿ ತಮ್ಮ ಹಳೆಯ ನಿಲುವನ್ನೇ ಕೈಬಿಟ್ಟರು. ಲಿವರ್ ಪಕ್ಕದಲ್ಲಿ ನಿಂತವನಿಗೆ ಅವರು ಮೂರನೆಯ ಆಯ್ಕೆಯೊಂದನ್ನು ಕೊಟ್ಟರು. ಈಗ ಅವನು ಟ್ರಾಲಿಯನ್ನು ಪಕ್ಕದ ಹಳಿಯವನ ಮೇಲೆ ತಿರುಗಿಸಬಹುದು, ತಾನೇ ನಿಂತಿರುವ ಹಳಿಗೂ ತಿರುಗಿಸಿಕೊಳ್ಳಬಹುದು, ಸುಮ್ಮನೂ ಇರಬಹುದು. ತನ್ನ ಪ್ರಾಣ ಕೊಟ್ಟು ಐವರನ್ನು ಉಳಿಸಬಹುದಾಗಿದ್ದವನು, ಅದನ್ನು ಬಿಟ್ಟು ಪಕ್ಕದವನ ಪ್ರಾಣವನ್ನು ಖರ್ಚು ಮಾಡಿದರೆ ನಾವು ಒಪ್ಪುವುದಿಲ್ಲ. ಪ್ರಾಣ ಕೊಡಲೇಬೇಕೆಂದು ಅವನನ್ನು ಕಟ್ಟುಪಾಡಿಗೆ ಒಳಪಡಿಸುವಂತೆಯೂ ಇಲ್ಲ. ಹಾಗಿದ್ದರೆ ಸ್ವಂತ ಹಳಿಯ ಆಯ್ಕೆಯೇ ಇಲ್ಲದ ಮಾಮೂಲಿ ಕಥೆಯಲ್ಲೂ, ತಾನು ತೆರಲು ಸಿದ್ಧನಿರದ ಬೆಲೆಯನ್ನು ಇನ್ನೊಬ್ಬನಿಂದ ತೆರಿಸುವ ಅಧಿಕಾರ ಅವನಿಗೆ ಎಲ್ಲಿಂದ ಬಂತು? ಆದ್ದರಿಂದ ದಾರಿಹೋಕ ಲಿವರ್ ಎಳೆಯಕೂಡದು, ಫುಟ್ ಅವರ ಚಾಲಕ ಮಾತ್ರ ತಿರುಗಿಸಬಹುದು ಎಂಬ ತೀರ್ಮಾನಕ್ಕೆ ಅವರು ಬಂದರು.

ಇದನ್ನು ಒಪ್ಪಿದರೆ ಲಿವರ್‌ಗೂ ಸೇತುವೆಗೂ ನಡುವೆ ವಿವರಿಸಬೇಕಾದ ಭೇದವೇ ಉಳಿಯುವುದಿಲ್ಲ, ಎರಡೂ ನಿಷಿದ್ಧ. ದ್ವಿಪರಿಣಾಮ ತತ್ತ್ವವನ್ನು ಕರೆಯುವ ಅಗತ್ಯವೂ ಇಲ್ಲ. ವೃತ್ತಿನಿರತ ತತ್ತ್ವಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗಿಲ್ಲ. ‘ಫಿಲ್‌ಪೇಪರ್ಸ್’ 2020ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಲಿವರ್ ಎಳೆಯಬೇಕು ಎಂದವರು ಶೇ 63, ಬೇಡ ಎಂದವರು ಶೇ 13. ಸೇತುವೆಯ ವಿಷಯದಲ್ಲಿ ತಳ್ಳಬೇಕು ಎಂದವರು ಶೇ 22, ಕೂಡದು ಎಂದವರು ಶೇ 56. ಮಿಕ್ಕವರು ಎರಡರಲ್ಲೂ ಪ್ರಶ್ನೆಯನ್ನೇ ಒಪ್ಪದೆ ಅಥವಾ ಬೇರೆ ಉತ್ತರ ಕೊಟ್ಟು ಹೊರಗುಳಿದರು. ಇದೇ ಸಮೀಕ್ಷೆಯ 2009ರ ಆವೃತ್ತಿಯಲ್ಲಿ ಲಿವರ್ ಎಳೆಯಬಾರದು ಎಂದವರು ಶೇ 8ರಷ್ಟಿದ್ದರು.